ಪೊಟ್ಟಣದ ಹಿಂಭಾಗ ಓದಿ ಪೇಸ್ಟ್, ಬ್ರಷ್, ಮೌತ್‌ವಾಶ್ ಆರಿಸುವುದು ಹೇಗೆ

ಅಂಗಡಿಯಲ್ಲಿ ಟೂತ್‌ಪೇಸ್ಟ್ ಪೊಟ್ಟಣವನ್ನು ಕೈಗೆತ್ತಿಕೊಂಡವರಲ್ಲಿ ಹೆಚ್ಚಿನವರು ಅದರ ಮುಂಭಾಗವನ್ನಷ್ಟೇ ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅಲ್ಲಿ ಹೊಳೆಯುವ ಹಲ್ಲಿನ ಚಿತ್ರವಿರುತ್ತದೆ, ಲವಂಗವೋ ಬೇವಿನ ಎಲೆಯೋ ಇರುತ್ತದೆ, ಬಿಳಿ ಕೋಟು ತೊಟ್ಟವರ ಭರವಸೆಯೂ ಇರುತ್ತದೆ. ಆ ಪೇಸ್ಟ್ ಹುಳುಕನ್ನು ತಡೆಯುತ್ತದೆಯೋ ಇಲ್ಲವೋ ಎಂಬ ಸಂಗತಿ ಮಾತ್ರ ಹಿಂಭಾಗದ ಸಣ್ಣ ಅಕ್ಷರಗಳಲ್ಲಿ, ಒಂದೇ ಸಾಲಿನಲ್ಲಿ ಅಡಗಿರುತ್ತದೆ. ದಂತವೈದ್ಯನಾಗಿ ನಾನು ರೋಗಿಗಳಿಗೆ ಯಾವುದೇ ಕಂಪನಿಯ ಹೆಸರು ಹೇಳುವುದಿಲ್ಲ. ಮುಂದಿನ ಸಲ ಬರುವಾಗ ಮನೆಯಲ್ಲಿರುವ ಪೇಸ್ಟಿನ ಪೊಟ್ಟಣ, ಬ್ರಷ್ಷು, ಮೌತ್‌ವಾಶ್ ಬಾಟಲಿ ಮೂರನ್ನೂ ತನ್ನಿ ಎಂದು ಕೇಳುತ್ತೇನೆ. ಅವುಗಳನ್ನು ಮೇಜಿನ ಮೇಲಿಟ್ಟು ಒಟ್ಟಿಗೆ ಓದಿದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅದೇ ಓದನ್ನು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಫ್ಲೋರೈಡ್ ಎಷ್ಟಿದೆ ನೋಡಿ

ಪೊಟ್ಟಣವನ್ನು ತಿರುಗಿಸಿ, ಪದಾರ್ಥಗಳ ಪಟ್ಟಿಯ ಆಸುಪಾಸಿನಲ್ಲಿ ಪಿಪಿಎಂ ಎಂಬ ಮೂರು ಅಕ್ಷರಗಳನ್ನು ಹುಡುಕಿ. ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂದು ಇದರ ಅರ್ಥ. 1000 ಪಿಪಿಎಂ ಎಂದು ಬರೆದಿದ್ದರೆ ಒಂದು ಗ್ರಾಂ ಪೇಸ್ಟಿನಲ್ಲಿ ಒಂದು ಮಿಲಿಗ್ರಾಂ ಫ್ಲೋರೈಡ್ ಇದೆ ಎಂದಾಯಿತು. ಈ ಒಂದು ಸಮೀಕರಣ ನೆನಪಿದ್ದರೆ ಮುಂದಿನ ಲೆಕ್ಕವೆಲ್ಲ ಸುಲಭ.

ನಾವು ಉಂಡಾಗಲೆಲ್ಲ ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ ಮತ್ತು ಪಿಷ್ಟವನ್ನು ಆಮ್ಲವನ್ನಾಗಿ ಮಾಡುತ್ತವೆ, ಆ ಆಮ್ಲ ಹಲ್ಲಿನ ಹೊರಪದರವಾದ ಎನಾಮಲ್‌ನಿಂದ ಖನಿಜವನ್ನು ಕರಗಿಸುತ್ತದೆ, ಸ್ವಲ್ಪ ಹೊತ್ತಿನ ನಂತರ ಜೊಲ್ಲಿನಲ್ಲಿರುವ ಖನಿಜ ಮತ್ತೆ ಹಲ್ಲಿಗೆ ಸೇರಿಕೊಳ್ಳುತ್ತದೆ. ಈ ಕೊಡು ಕೊಳ್ಳುವಿಕೆಯಲ್ಲಿ ಜೊಲ್ಲಿನಲ್ಲಿ ಸ್ವಲ್ಪ ಫ್ಲೋರೈಡ್ ಇದ್ದರೆ ಮರಳಿ ಸೇರುವ ಖನಿಜ ಹೆಚ್ಚಾಗುತ್ತದೆ ಮತ್ತು ಅದು ಆಮ್ಲಕ್ಕೆ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ. ಫ್ಲೋರೈಡ್ ಹಲ್ಲಿನ ಮೇಲ್ಮೈಯಲ್ಲಿ ಕೆಲಸ ಮಾಡುವ ವಸ್ತು, ಹೊಟ್ಟೆಗೆ ಹೋಗಿ ಮಾಡುವುದಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪೇಸ್ಟನ್ನು ಉಗಿಯಬೇಕು, ಆದರೆ ಉಗಿದ ಕೂಡಲೇ ಲೋಟಗಟ್ಟಲೆ ನೀರಿನಿಂದ ಬಾಯಿ ಮುಕ್ಕಳಿಸಬಾರದು ಎನ್ನುವುದಕ್ಕೆ ಕಾರಣ ಇದೇ. ನಮ್ಮಲ್ಲಿ ಮುಖ ತೊಳೆಯುವುದೂ ಬಾಯಿ ಮುಕ್ಕಳಿಸುವುದೂ ಒಂದೇ ಕೆಲಸವೆಂಬಂತೆ ರೂಢಿಯಾಗಿರುವುದರಿಂದ ಇದನ್ನು ಒಪ್ಪಿಸುವುದು ಕಷ್ಟ. ಆದರೂ ದುಡ್ಡು ಕೊಟ್ಟು ತಂದ ಫ್ಲೋರೈಡನ್ನು ಮೋರಿಗೆ ಹರಿಸುವುದರಲ್ಲಿ ಅರ್ಥವಿಲ್ಲ.

ಭಾರತದ ನಿಯಮದ ಪ್ರಕಾರ ಸಾಮಾನ್ಯ ಮಾರಾಟದ ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಫ್ಲೋರೈಡ್ ಇರುವ ಪೇಸ್ಟಾದರೆ ಅದರ ಪ್ರಮಾಣವನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಟ್ಯೂಬಿನ ಮೇಲೆ ಮತ್ತು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. ಆದ್ದರಿಂದ ಎಲ್ಲಿಯೂ ಪಿಪಿಎಂ ಕಾಣದಿದ್ದರೆ ಅದು ಫ್ಲೋರೈಡ್ ಇಲ್ಲದ ಪೇಸ್ಟ್ ಎಂದೇ ತಿಳಿಯಿರಿ. ಗಿಡಮೂಲಿಕೆಯ ಹೆಸರಿನಲ್ಲಿ ಮಾರುವ ಬಹಳಷ್ಟು ಪೇಸ್ಟುಗಳು ಮತ್ತು ಹಲ್ಲು ಜುಮ್ಮೆನ್ನುವುದಕ್ಕೆಂದು ಮಾರುವ ಕೆಲವು ಪೇಸ್ಟುಗಳು ಈ ಗುಂಪಿಗೆ ಸೇರುತ್ತವೆ. ಜುಮ್ಮೆನ್ನುವ ಹಲ್ಲಿಗೆಂದು ವರ್ಷಗಟ್ಟಲೆ ಒಂದೇ ಪೇಸ್ಟ್ ಬಳಸಿ, ಅದರಲ್ಲಿ ಫ್ಲೋರೈಡ್ ಇಲ್ಲವೆಂಬುದು ತಿಳಿಯದೆ ಬೇರಿನ ಹತ್ತಿರ ಹುಳುಕು ಮಾಡಿಕೊಂಡು ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಪೊಟಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಎರಡರಿಂದ ನಾಲ್ಕು ವಾರದಲ್ಲಿ ಜುಮ್ಮೆನ್ನುವುದನ್ನು ತಗ್ಗಿಸಬಲ್ಲದು, ಅದು ನಿಜ. ಅದರ ಜೊತೆಗೆ ಫ್ಲೋರೈಡೂ ಇರುವ ಬಗೆ ಅದೇ ಕಪಾಟಿನಲ್ಲಿ ಸಿಗುತ್ತದೆ, ಅದನ್ನೇ ಆರಿಸಿ.

ವಿದೇಶದಲ್ಲಿರುವ ಕನ್ನಡಿಗರು ರಜೆಗೆ ಬರುವಾಗ ತರುವ ಪೇಸ್ಟಿನ ಮೇಲೆ 1450 ಎಂಬ ಸಂಖ್ಯೆ ಇರುವುದುಂಟು. ಬ್ರಿಟನ್ ಮತ್ತು ಯೂರೋಪಿನಲ್ಲಿ ದೊಡ್ಡವರಿಗೆ ಅದೇ ಸಾಮಾನ್ಯ ಪ್ರಮಾಣ. ದೊಡ್ಡವರು ಅದನ್ನು ಬಳಸಬಹುದು, ಹುಳುಕು ಬೇಗ ಬರುವವರಿಗೆ ಸ್ವಲ್ಪ ಹೆಚ್ಚಿನ ರಕ್ಷಣೆಯೂ ಸಿಗಬಹುದು. ಆದರೆ ಪುಟ್ಟ ಮಕ್ಕಳ ಕೈಗೆ ಅದು ಸಿಗದಂತೆ ಇಡಬೇಕು.

ಇನ್ನೊಂದು ತುದಿಯಲ್ಲಿ, ಮಕ್ಕಳ ಚಿತ್ರವಿರುವ ಹಣ್ಣಿನ ರುಚಿಯ ಪೇಸ್ಟುಗಳಿವೆ. ಅವುಗಳಲ್ಲಿ ಹಲವುಗಳ ಮೇಲೆ 500 ಪಿಪಿಎಂ ಅಥವಾ ಅದಕ್ಕಿಂತ ಕಡಿಮೆ ಎಂದಿರುತ್ತದೆ, ಕೆಲವುಗಳಲ್ಲಿ ಫ್ಲೋರೈಡೇ ಇರುವುದಿಲ್ಲ. ಇಷ್ಟು ಕಡಿಮೆ ಪ್ರಮಾಣ ಹುಳುಕನ್ನು ತಡೆಯುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ, 1000 ಪಿಪಿಎಂ ಮತ್ತು ಅದರ ಮೇಲ್ಪಟ್ಟ ಪ್ರಮಾಣಕ್ಕೆ ಸಿಕ್ಕಿದೆ. ಹೀಗಾಗಿ ಮಗುವಿಗೆ ಕಡಿಮೆ ಶಕ್ತಿಯ ಪೇಸ್ಟನ್ನು ಬ್ರಷ್ ತುಂಬ ಹಾಕುವ ಬದಲು 1000 ಪಿಪಿಎಂ ಪೇಸ್ಟನ್ನೇ ಬಹಳ ಕಡಿಮೆ ಅಳತೆಯಲ್ಲಿ ಹಾಕಬೇಕೆಂಬುದು ಇಂದಿನ ಸಲಹೆ. ಮೂರು ವರ್ಷದೊಳಗಿನವರಿಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಒಂದು ಬಟಾಣಿ ಕಾಳಿನಷ್ಟು ಸಾಕು. ಜಾಹೀರಾತುಗಳಲ್ಲಿ ಬ್ರಷ್ಷಿನ ಉದ್ದಕ್ಕೂ ಅಲೆಯಲೆಯಾಗಿ ಪೇಸ್ಟ್ ಹಾಕಿ ತೋರಿಸುತ್ತಾರಲ್ಲ, ಅಷ್ಟು ದೊಡ್ಡವರಿಗೂ ಬೇಕಿಲ್ಲ.

ಎರಡನೆಯ ಹೆಜ್ಜೆ: ಮನೆಯ ನೀರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಬೇರೆ ಕಡೆ ಬರೆದ ಸಲಹೆಯನ್ನು ಕರ್ನಾಟಕದಲ್ಲಿ ಹಾಗೆಯೇ ಪಾಲಿಸಲು ಬಾರದಿರುವುದು ಇಲ್ಲಿ. ಪಾವಗಡ, ಮುಂಡರಗಿ, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ರಾಯಚೂರು ಮೊದಲಾದ ಕಡೆಗಳ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರುವುದು ಒಪ್ಪಬಹುದಾದ ಮಟ್ಟ, ಬೇರೆ ನೀರೇ ಸಿಗದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳಿಗೆ, ಮುಂದೆ ಹುಟ್ಟುವ ಶಾಶ್ವತ ಹಲ್ಲುಗಳಲ್ಲಿ ಸುಣ್ಣ ಬಳಿದಂಥ ಬಿಳಿ ಗೆರೆ, ಕಂದು ಕಲೆ, ಕೆಲವೊಮ್ಮೆ ಗುಳಿ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ.

ಈ ಊರುಗಳ ತಾಯಂದಿರು ಕೇಳುವ ಪ್ರಶ್ನೆ ನ್ಯಾಯವಾದದ್ದು: ನೀರಿನಲ್ಲೇ ಬೇಡವೆನ್ನುವಷ್ಟು ಫ್ಲೋರೈಡ್ ಇರುವಾಗ ಪೇಸ್ಟಿನಲ್ಲಿಯೂ ಯಾಕೆ? ಇದಕ್ಕೆ ಹೌದು ಅಥವಾ ಅಲ್ಲ ಎಂದು ಉತ್ತರಿಸುವ ಬದಲು ಲೆಕ್ಕ ಹಾಕೋಣ. ಪಾವಗಡ ತಾಲ್ಲೂಕಿನ ಒಂದು ಮನೆಯನ್ನು ಉದಾಹರಣೆಗೆಂದು ಕಲ್ಪಿಸಿಕೊಳ್ಳಿ. ಗಂಡ, ಹೆಂಡತಿ, ನಾಲ್ಕು ವರ್ಷದ ಮಗಳು ಮತ್ತು ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಜ್ಜ ಇದ್ದಾರೆ. ಅವರ ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 2.4 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದಿಟ್ಟುಕೊಳ್ಳೋಣ. ಕುಡಿಯುವುದೂ ಅಡುಗೆಯೂ ಸೇರಿ ಮಗಳ ಹೊಟ್ಟೆಗೆ ದಿನಕ್ಕೆ ಒಂದು ಲೀಟರ್ ನೀರು ಹೋದರೆ 2.4 ಮಿಲಿಗ್ರಾಂ ಫ್ಲೋರೈಡ್ ಹೋಯಿತು.

ಈಗ ಪೇಸ್ಟಿನ ಪಾಲನ್ನು ನೋಡಿ. ಬಟಾಣಿ ಕಾಳಿನಷ್ಟು ಪೇಸ್ಟ್ ಎಂದರೆ ಸುಮಾರು ಕಾಲು ಗ್ರಾಂ. 1000 ಪಿಪಿಎಂ ಪೇಸ್ಟಾದರೆ ಅದರಲ್ಲಿ 0.25 ಮಿಲಿಗ್ರಾಂ ಫ್ಲೋರೈಡ್. ದಿನಕ್ಕೆರಡು ಸಲ ಉಜ್ಜಿ ಎಲ್ಲವನ್ನೂ ನುಂಗಿಬಿಟ್ಟರೂ ಅರ್ಧ ಮಿಲಿಗ್ರಾಂ ಆಗುತ್ತದೆ. ಅಕ್ಕಿಕಾಳಿನಷ್ಟು ಹಾಕಿದರೆ, ಅಂದರೆ ಸುಮಾರು 0.1 ಗ್ರಾಂ ಹಾಕಿದರೆ, ಎರಡು ಸಲಕ್ಕೆ ಸೇರಿ 0.2 ಮಿಲಿಗ್ರಾಂ. ಅದೇ ಬ್ರಷ್ ತುಂಬ ಒಂದು ಗ್ರಾಂ ಹಾಕಿ, ರುಚಿಯಾಗಿದೆಯೆಂದು ಮಗು ಅರ್ಧವನ್ನು ನುಂಗಿದರೆ ದಿನಕ್ಕೆ ಒಂದು ಮಿಲಿಗ್ರಾಂ ಆಗಿಹೋಗುತ್ತದೆ.

ಈ ಸಂಖ್ಯೆಗಳನ್ನು ಎದುರೆದುರು ಇಟ್ಟಾಗ ಎರಡು ವಿಷಯ ಸ್ಪಷ್ಟವಾಗುತ್ತದೆ. ಮಗಳ ಹಲ್ಲಿಗೆ ಅಪಾಯ ಬರುತ್ತಿರುವುದು ಮುಖ್ಯವಾಗಿ ನೀರಿನಿಂದ, ಆದ್ದರಿಂದ ಪೇಸ್ಟ್ ಬದಲಾಯಿಸಿ ನೀರನ್ನು ಹಾಗೆಯೇ ಬಿಟ್ಟರೆ ಫ್ಲೋರೋಸಿಸ್ ತಪ್ಪುವುದಿಲ್ಲ. ಹಾಗೆಂದು ಪೇಸ್ಟನ್ನು ಮನಸ್ಸಿಗೆ ಬಂದಷ್ಟು ಹಾಕಬಹುದೆಂದೂ ಅಲ್ಲ, ಏಕೆಂದರೆ ಬ್ರಷ್ ತುಂಬಿದ ಪೇಸ್ಟ್ ನೀರಿನ ಹೊರೆಗೆ ಸುಮಾರು ಅದರ ಅರ್ಧದಷ್ಟನ್ನು ಸೇರಿಸುತ್ತದೆ.

ಹಾಗಾದರೆ ಈ ಮನೆಯವರು ಮಾಡಬೇಕಾದ ಮೊದಲ ಕೆಲಸ ನೀರಿನ ಪರೀಕ್ಷೆ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷಿಸುವ ಕಿಟ್ ಇದೆಯೇ ಎಂದು ಕೇಳಬೇಕು, ಇಲ್ಲವಾದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಜಿಲ್ಲಾ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಫ್ಲೋರೈಡ್ ಹೆಚ್ಚಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಆರ್‌ಒ ನೀರು ತರಬೇಕು. ಇಲ್ಲಿ ಬಹಳ ಮನೆಗಳಲ್ಲಿ ಒಂದು ತಪ್ಪು ನಡೆಯುತ್ತದೆ. ಕ್ಯಾನಿನ ನೀರನ್ನು ಕುಡಿಯಲು ಮಾತ್ರ ಇಟ್ಟುಕೊಂಡು, ಅನ್ನಕ್ಕೂ ಬೇಳೆಗೂ ಕೊಳವೆಬಾವಿಯ ನೀರನ್ನೇ ಹಾಕುತ್ತಾರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಅನ್ನ ಬೇಯುವಾಗ ಹೀರಿಕೊಂಡ ನೀರೂ ಮಗುವಿನ ಹೊಟ್ಟೆಗೇ ಹೋಗುವುದರಿಂದ ಅಡುಗೆಗೂ ಶುದ್ಧ ನೀರೇ ಬೇಕು.

ನೀರು ಬದಲಾದ ಮೇಲೆ ನಾಲ್ಕು ವರ್ಷದ ಮಗಳಿಗೆ 1000 ಪಿಪಿಎಂ ಪೇಸ್ಟನ್ನೇ ಕೊಡಬಹುದು. ಅಂಥ ಊರಿನಲ್ಲಿ ನಾನು ವಯಸ್ಸು ಮೂರು ದಾಟಿದ್ದರೂ ಬಟಾಣಿಯ ಅಳತೆಗೆ ಹೋಗದೆ, ಮಗು ಚೆನ್ನಾಗಿ ಉಗಿಯಲು ಕಲಿಯುವವರೆಗೆ ಅಕ್ಕಿಕಾಳಿನ ಅಳತೆಯಲ್ಲೇ ನಿಲ್ಲಿಸುತ್ತೇನೆ, ಪೇಸ್ಟನ್ನು ದೊಡ್ಡವರೇ ಹಾಕಿಕೊಡಬೇಕೆಂದು ಹೇಳುತ್ತೇನೆ. ನೀರು ಬದಲಾಯಿಸುವ ದಾರಿಯೇ ಇಲ್ಲದ ಮನೆಯಲ್ಲಿ ಮಾತ್ರ ಆರು ವರ್ಷದವರೆಗೆ ಫ್ಲೋರೈಡ್ ಇಲ್ಲದ ಪೇಸ್ಟ್ ಬಳಸುವ ವಿಚಾರವನ್ನು ದಂತವೈದ್ಯರಿಗೆ ಮಗುವಿನ ಬಾಯಿ ತೋರಿಸಿ ನಿರ್ಧರಿಸಬೇಕು, ಏಕೆಂದರೆ ಆಗಲೇ ಹುಳುಕು ಇರುವ ಮಗುವಿಗೆ ಆ ನಿರ್ಧಾರ ಬೇರೆಯಾಗಬಹುದು. ಸುಮಾರು ಎಂಟು ವರ್ಷ ದಾಟಿದವರ ಕಾಣುವ ಹಲ್ಲುಗಳ ಎನಾಮಲ್ ಆಗಲೇ ರೂಪುಗೊಂಡಿರುತ್ತದೆ, ಪೇಸ್ಟಿನಿಂದ ಅವುಗಳಿಗೆ ಹೊಸದಾಗಿ ಫ್ಲೋರೋಸಿಸ್ ಬರುವುದಿಲ್ಲ. ತಮ್ಮ ಹಲ್ಲಿನಲ್ಲಿ ಆ ಕಂದು ಕಲೆ ಇದೆ ಎಂಬ ಕಾರಣಕ್ಕೆ ದೊಡ್ಡವರು ಫ್ಲೋರೈಡ್ ಪೇಸ್ಟ್ ಬಿಡುವುದೂ ಸರಿಯಲ್ಲ. ಗುಳಿಬಿದ್ದ ಎನಾಮಲ್ ಹುಳುಕಿನಿಂದ ತಪ್ಪಿಸಿಕೊಂಡಿರುವುದಿಲ್ಲ, ಅದಕ್ಕೆ ರಕ್ಷಣೆ ಬೇಕೇ ಬೇಕು.

ಯಾವ ಊರಿನಲ್ಲಾದರೂ ಸರಿ, ಹಣ್ಣಿನ ರುಚಿಯ ಪೇಸ್ಟನ್ನು ಮಗುವಿನ ಕೈಗೆಟುಕುವಲ್ಲಿ ಇಡಬೇಡಿ. ಹತ್ತು ಕಿಲೋ ತೂಕದ ಕೂಸು 1000 ಪಿಪಿಎಂ ಪೇಸ್ಟನ್ನು 50 ಗ್ರಾಂ, ಅಂದರೆ ನೂರು ಗ್ರಾಂ ಟ್ಯೂಬಿನ ಅರ್ಧದಷ್ಟು, ಒಮ್ಮೆಗೇ ತಿಂದುಬಿಟ್ಟರೆ ಅದು ವಿಷವಾಗುವ ಮಟ್ಟ. ಹಾಗಾದರೆ ಹಾಲು ಕುಡಿಸಿ, ಟ್ಯೂಬನ್ನೂ ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೂರನೆಯ ಹೆಜ್ಜೆ: ಯಾವ ಫ್ಲೋರೈಡ್, ಎಷ್ಟು ಹಳೆಯದು

ಫ್ಲೋರೈಡ್ ಎಷ್ಟಿದೆ ಎಂಬುದರ ಜೊತೆಗೆ ಅದು ಯಾವ ರೂಪದಲ್ಲಿದೆ ಎಂಬುದನ್ನೂ ನೋಡಬೇಕು. ಸೋಡಿಯಂ ಫ್ಲೋರೈಡ್, ಸೋಡಿಯಂ ಮೊನೊಫ್ಲೋರೊಫಾಸ್ಫೇಟ್, ಸ್ಟ್ಯಾನಸ್ ಫ್ಲೋರೈಡ್ ಮೂರೂ ಕೆಲಸ ಮಾಡುತ್ತವೆ. ಆದರೆ ಉಜ್ಜಲು ಬೇಕಾದ ಪುಡಿಯಾಗಿ ಸುಣ್ಣದ ಜಾತಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಪೇಸ್ಟಿಗೆ ಸೋಡಿಯಂ ಫ್ಲೋರೈಡ್ ಹೊಂದುವುದಿಲ್ಲ, ಕ್ಯಾಲ್ಸಿಯಂ ಅದನ್ನು ಟ್ಯೂಬಿನಲ್ಲೇ ಕಟ್ಟಿಹಾಕಿ ನಿಷ್ಪ್ರಯೋಜಕ ಮಾಡುತ್ತದೆ. ಅಂಥ ಬಿಳಿ ಪೇಸ್ಟುಗಳಲ್ಲಿ ಮೊನೊಫ್ಲೋರೊಫಾಸ್ಫೇಟ್ ಇರಬೇಕು, ಸಿಲಿಕಾ ಇರುವ ಜೆಲ್‌ಗಳಲ್ಲಿ ಸೋಡಿಯಂ ಫ್ಲೋರೈಡ್ ಇರುವುದು ಸರಿ. ಮೊನೊಫ್ಲೋರೊಫಾಸ್ಫೇಟ್ ಕೂಡ ಕ್ಯಾಲ್ಸಿಯಂ ಪೇಸ್ಟಿನಲ್ಲಿ ದಿನ ಕಳೆದಂತೆ, ಅದರಲ್ಲೂ ಬಿಸಿಲಿನ ತಾಪದಲ್ಲಿ, ಸ್ವಲ್ಪ ಸ್ವಲ್ಪವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಪೊಟ್ಟಣದ ಮೇಲಿನ ಪ್ರಮಾಣ ತುಂಬಿದ ದಿನದ್ದು. ಹಾಗಾಗಿ ಎರಡು ಪೊಟ್ಟಣ ಎದುರಿಗಿದ್ದರೆ ಇತ್ತೀಚೆಗೆ ತಯಾರಾದದ್ದನ್ನು ತೆಗೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ಮುಂಭಾಗದ ಮಾತುಗಳನ್ನು ತೂಗಿ ನೋಡಿ

ಇದ್ದಿಲು ಇರುವ ಕಪ್ಪು ಪೇಸ್ಟಿನ ಬಗ್ಗೆ ಈಗ ಹೆಚ್ಚು ಜನ ಕೇಳುತ್ತಾರೆ. ನಮ್ಮ ಹಿರಿಯರು ಇದ್ದಿಲಿನಿಂದಲೇ ಉಜ್ಜುತ್ತಿದ್ದರಲ್ಲ ಎಂಬ ಮಾತನ್ನೂ ಜೊತೆಗೆ ಸೇರಿಸುತ್ತಾರೆ. 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯೊಂದು ಅದುವರೆಗಿನ ಬರಹಗಳನ್ನು ಪರಿಶೀಲಿಸಿ, ಇದ್ದಿಲಿನ ಪೇಸ್ಟ್ ಮತ್ತು ಪುಡಿಗಳು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಹೇಳಲು ಸಾಕಷ್ಟು ಆಧಾರವಿಲ್ಲ ಎಂದು ತೀರ್ಮಾನಿಸಿತು. ಇದ್ದಿಲು ಕಲೆಯನ್ನು ಹೀರಿಕೊಳ್ಳುತ್ತದೆ ಎನ್ನುವುದಕ್ಕಿಂತ ಉಜ್ಜಿ ತೆಗೆಯುತ್ತದೆ ಎನ್ನುವುದೇ ಸರಿ. ಪುಡಿ ದಪ್ಪವಾಗಿದ್ದರೆ ಕಲೆಯ ಜೊತೆ ಎನಾಮಲ್ ಕೂಡ ಸವೆಯುತ್ತದೆ. ಎನಾಮಲ್ ತೆಳುವಾದಂತೆಲ್ಲ ಅದರ ಕೆಳಗಿನ ಹಳದಿ ಪದರ ಎದ್ದು ಕಾಣುವುದರಿಂದ, ಬಿಳುಪಿಗಾಗಿ ಉಜ್ಜಿದ ಹಲ್ಲು ಕೊನೆಗೆ ಮೊದಲಿಗಿಂತ ಹಳದಿಯಾಗುತ್ತದೆ. ಇಟ್ಟಿಗೆ ಪುಡಿ, ಬೂದಿ, ಮರಳು ಮಿಶ್ರಿತ ಉಪ್ಪು, ಕೆಮ್ಮಣ್ಣಿನ ಜಾತಿಯ ಗೈರಿಕ ಸೇರಿದ ಕೆಂಪು ಹಲ್ಲುಪುಡಿ, ಇವೆಲ್ಲಕ್ಕೂ ಇದೇ ಆಕ್ಷೇಪ. ಮನೆಯಲ್ಲಿ ಹಲ್ಲುಪುಡಿ ಇದ್ದರೆ ಒಂದು ಚಿಟಿಕೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿ. ಗೋದಿ ಹಿಟ್ಟಿನಂತೆ ನುಣುಪಾಗಿರದೆ ರವೆಯಂತೆ ತಾಗಿದರೆ ಅದನ್ನು ಹಲ್ಲಿಗೆ ಹಚ್ಚಬೇಡಿ. ಹೊಗೆಸೊಪ್ಪು ಇರುವ ಹಲ್ಲುಪುಡಿಯಂತೂ 1992ರಿಂದಲೇ ನಿಷಿದ್ಧ. ಹಾಗಿದ್ದೂ ಯಾರಾದರೂ ಅಂಥದ್ದನ್ನು ಮಾರಿದರೆ ಅದು ಚಟ ಹತ್ತಿಸುವ ವಸ್ತು, ಔಷಧಿಯಲ್ಲ.

ಹಲ್ಲು ಬಿಳಿಯಾಗಿಸುವ ಪೇಸ್ಟುಗಳು ಚಹಾ, ಕಾಫಿ, ಎಲೆಅಡಿಕೆಯ ಹೊರಗಿನ ಕಲೆಯನ್ನು ಸ್ವಲ್ಪ ತೆಗೆಯಬಲ್ಲವು, ಕೆಲವು ತೆಳುವಾದ ನೀಲಿ ಬಣ್ಣದ ಲೇಪದಿಂದ ಆ ಹೊತ್ತಿಗೆ ಹಲ್ಲು ಬೆಳ್ಳಗೆ ಕಾಣುವಂತೆ ಮಾಡುತ್ತವೆ. ಹಲ್ಲಿನ ಒಳಗಿನ ಬಣ್ಣವನ್ನಾಗಲಿ, ಫ್ಲೋರೋಸಿಸ್‌ನ ಕಂದು ಕಲೆಯನ್ನಾಗಲಿ ಅವು ಬದಲಿಸುವುದಿಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಮದುವೆಯ ಮಾತುಕತೆ ಶುರುವಾದಾಗ ಇಂಥ ಕಲೆಯಿರುವ ಹೆಣ್ಣುಮಕ್ಕಳು ಒಂದರ ಮೇಲೊಂದು ದುಬಾರಿ ಪೇಸ್ಟ್ ಕೊಂಡು ಜೋರಾಗಿ ಉಜ್ಜಿ ಒಸಡನ್ನು ಗಾಯ ಮಾಡಿಕೊಂಡು ಬರುತ್ತಾರೆ. ಆ ಕಲೆಗೆ ದಂತವೈದ್ಯರ ಬಳಿ ಬೇರೆ ಚಿಕಿತ್ಸೆಗಳಿವೆ, ಪೇಸ್ಟಿನಲ್ಲಿ ಅದಕ್ಕೆ ಉತ್ತರವಿಲ್ಲ.

ಬೇವು, ಲವಂಗ, ಉಪ್ಪು, ತುಳಸಿ ಇದೆ ಎನ್ನುವ ಪೇಸ್ಟುಗಳ ವಿಷಯದಲ್ಲಿ ನನ್ನ ನಿಲುವು ಸರಳ. ರುಚಿ ಇಷ್ಟವಾದರೆ ಬಳಸಿ, ಆದರೆ ಅದರಲ್ಲಿ ಫ್ಲೋರೈಡೂ ಇರಲಿ. ಲವಂಗದೆಣ್ಣೆ ನೋವನ್ನು ತಾತ್ಕಾಲಿಕವಾಗಿ ಮರಗಟ್ಟಿಸುವುದು ನಿಜವಾದರೂ, ಪೇಸ್ಟಿನಲ್ಲಿರುವ ಲವಂಗ ಫ್ಲೋರೈಡಿನ ಬದಲಿಗೆ ಹುಳುಕು ತಡೆಯುತ್ತದೆ ಎಂಬುದು ಸಾಬೀತಾಗಿಲ್ಲ. ಎಣ್ಣೆಯಿಂದ ಬಾಯಿ ಮುಕ್ಕಳಿಸಿದರೆ ಹುಳುಕು ವಾಸಿಯಾಗುತ್ತದೆ ಎಂಬುದಕ್ಕೂ ನಂಬಬಹುದಾದ ಆಧಾರವಿಲ್ಲ.

ದಂತವೈದ್ಯರ ಶಿಫಾರಸು ಎಂಬ ಸಾಲನ್ನು ಓದುವಾಗ ಒಂದು ಪ್ರಕರಣವನ್ನು ನೆನಪಿಡಬಹುದು. 2007ರಲ್ಲಿ ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ, ಶೇಕಡಾ 80ಕ್ಕಿಂತ ಹೆಚ್ಚು ದಂತವೈದ್ಯರು ತಮ್ಮ ಪೇಸ್ಟನ್ನೇ ಶಿಫಾರಸು ಮಾಡುತ್ತಾರೆಂಬ ಜಾಹೀರಾತನ್ನು ದಾರಿತಪ್ಪಿಸುವಂಥದ್ದೆಂದು ತೀರ್ಪಿತ್ತಿತು. ಸಮೀಕ್ಷೆಯಲ್ಲಿ ಒಬ್ಬೊಬ್ಬ ವೈದ್ಯರಿಗೂ ಒಂದಕ್ಕಿಂತ ಹೆಚ್ಚು ಪೇಸ್ಟುಗಳ ಹೆಸರು ಹೇಳಲು ಅವಕಾಶವಿತ್ತು. ಅಂದರೆ ಪ್ರತಿಸ್ಪರ್ಧಿ ಪೇಸ್ಟುಗಳಿಗೂ ಅಂಥದ್ದೇ ಮತಗಳು ಬಿದ್ದಿರಬಹುದಾಗಿತ್ತು.

ಟ್ಯೂಬಿನ ಬುಡದಲ್ಲಿರುವ ಬಣ್ಣದ ಚೌಕದ ಬಗ್ಗೆ ವಾಟ್ಸಾಪಿನಲ್ಲಿ ಬರುವ ಮಾತನ್ನೂ ಇಲ್ಲೇ ತೀರಿಸಿಬಿಡುತ್ತೇನೆ. ಹಸಿರಿದ್ದರೆ ನೈಸರ್ಗಿಕ, ಕಪ್ಪಿದ್ದರೆ ಬರೀ ರಾಸಾಯನಿಕ ಎಂಬುದು ಸುಳ್ಳು. ಟ್ಯೂಬನ್ನು ಎಲ್ಲಿ ಕತ್ತರಿಸಿ ಮುಚ್ಚಬೇಕೆಂದು ಯಂತ್ರದ ಬೆಳಕಿನ ಕಣ್ಣು ಗುರುತಿಸಲಿ ಎಂದು ಅದನ್ನು ಮುದ್ರಿಸುತ್ತಾರೆ.

ಐದನೆಯ ಹೆಜ್ಜೆ: ಬ್ರಷ್ಷಿನ ಎಳೆ

ಬ್ರಷ್ಷಿನ ವಿಷಯದಲ್ಲಿ ನೋಡಬೇಕಾದ ಪದ ಒಂದೇ, ಸಾಫ್ಟ್. ಮೀಡಿಯಂ, ಹಾರ್ಡ್ ಎಂದು ಬರೆದದ್ದನ್ನು ಅಂಗಡಿಯಲ್ಲೇ ಬಿಡಿ. ಶಿಬಿರವೊಂದರಲ್ಲಿ ಒಬ್ಬ ಅಜ್ಜಿ, ‘ಡಾಕ್ಟ್ರೇ, ಗಟ್ಟಿ ಬ್ರಷ್ ಇಲ್ದಿದ್ರೆ ಉಜ್ಜಿದ ಹಂಗೇ ಆಗಲ್ಲ’ ಎಂದರು. ಅವರ ಕೈಗೆ ಕನ್ನಡಿ ಕೊಟ್ಟು, ಕೋರೆಹಲ್ಲಿನ ಬುಡದಲ್ಲಿ ಕೊಡಲಿಯಿಂದ ಕಚ್ಚು ಹಾಕಿದಂತೆ ಆಗಿದ್ದ ತಗ್ಗನ್ನು ತೋರಿಸಿದೆ. ‘ಇದು ಹುಳುಕಲ್ಲ ಅಜ್ಜಿ, ಬ್ರಷ್ ಕೊರೆದದ್ದು. ತಣ್ಣೀರು ಕುಡಿದರೆ ಜುಮ್ಮೆನ್ನುವುದು ಇಲ್ಲಿಂದಲೇ’ ಎಂದಾಗ ಅವರು ಬಹಳ ಹೊತ್ತು ಕನ್ನಡಿಯನ್ನೇ ನೋಡುತ್ತ ಕುಳಿತರು. ಒಸಡು ಕೆಳಗೆ ಸರಿದಾಗ ಕಾಣುವ ಬೇರಿನ ಭಾಗಕ್ಕೆ ಎನಾಮಲ್ ರಕ್ಷಣೆ ಇರುವುದಿಲ್ಲ, ಆ ಜಾಗ ಬೇಗನೆ ಸವೆಯುತ್ತದೆ.

ಹಲ್ಲಿನ ಮೇಲೆ ದಿನನಿತ್ಯ ಕಟ್ಟುವ ಪಾಚಿ ಮೆದುವಾದದ್ದು, ಮೆದು ಎಳೆಯಿಂದಲೇ ಹೋಗುತ್ತದೆ. ಗಟ್ಟಿಯಾಗಿ ಕಲ್ಲಿನಂತಾದ ಕಿಟ್ಟವನ್ನು ಯಾವ ಬ್ರಷ್ಷೂ ತೆಗೆಯಲಾರದು, ಅದಕ್ಕೆ ದಂತವೈದ್ಯರಿಂದ ಹಲ್ಲು ಸ್ವಚ್ಛ ಮಾಡಿಸಬೇಕು. ಹೀಗಿರುವಾಗ ಗಟ್ಟಿ ಬ್ರಷ್ಷಿಗೆ ಮಾಡಲು ಉಳಿದ ಕೆಲಸವೇ ಇಲ್ಲ. ಮೆದು ಬ್ರಷ್ಷಿನ ನೈಲಾನ್ ಎಳೆ ಸುಮಾರು 0.2 ಮಿಲಿಮೀಟರಿನಷ್ಟು ಅಥವಾ ಅದಕ್ಕಿಂತ ತೆಳುವಾಗಿರುತ್ತದೆ, ಒಳ್ಳೆಯದಾದರೆ ಪ್ರತಿ ಎಳೆಯ ತುದಿಯನ್ನೂ ದುಂಡಗೆ ಮಾಡಿರುತ್ತಾರೆ. ಕೊಂಡ ಮೇಲೆ ಎಳೆಗಳನ್ನು ಒದ್ದೆ ಮಾಡಿ ಕೈಯ ಹಿಂಭಾಗಕ್ಕೆ ಮೆಲ್ಲಗೆ ಎಳೆದು ನೋಡಿ, ಗೀರಿದಂತೆ ಅನಿಸಿದರೆ ಅದರ ತುದಿ ಚೂಪಾಗಿದೆ. ಬ್ರಷ್ಷಿನ ತಲೆ ದವಡೆಯ ಎರಡು ಹಲ್ಲುಗಳನ್ನು ಮುಚ್ಚುವಷ್ಟಿದ್ದರೆ ಸಾಕು, ಅದಕ್ಕಿಂತ ದೊಡ್ಡದು ಕೊನೆಯ ಹಲ್ಲಿನ ಹಿಂದೆ ತಿರುಗುವುದಿಲ್ಲ. ಎಳೆಗೆ ಇದ್ದಿಲು ಸೇರಿಸಿದ್ದರಿಂದ ಹಲ್ಲಿಗೆ ಹೆಚ್ಚಿನ ಲಾಭವಾಗುತ್ತದೆ ಎಂಬುದು ಇಲ್ಲಿಯೂ ಸಾಬೀತಾಗಿಲ್ಲ.

ಮೆದು ಬ್ರಷ್ ಹಿಡಿದೂ ಜೋರಾಗಿ ಒತ್ತುವವರಿದ್ದಾರೆ. ಮನೆಯಲ್ಲಿ ಅಡುಗೆಯ ತೂಕದ ಯಂತ್ರವಿದ್ದರೆ ಅದರ ಮೇಲೆ ಬ್ರಷ್ಷನ್ನು ನಿಮ್ಮ ರೂಢಿಯಂತೆ ಒತ್ತಿ ನೋಡಿ. 150ರಿಂದ 200 ಗ್ರಾಂ ತೋರಿಸಿದರೆ ಸರಿ, 400 ದಾಟಿದರೆ ಕೈ ಭಾರವಾಗಿದೆ. ಅಂಥವರು ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿಯದೆ ಪೆನ್ನಿನಂತೆ ಬೆರಳಲ್ಲಿ ಹಿಡಿದು, ಒಸಡು ಮತ್ತು ಹಲ್ಲು ಸೇರುವಲ್ಲಿಗೆ ಓರೆಯಾಗಿಟ್ಟು ಸಣ್ಣಗೆ ಅಲುಗಿಸಬೇಕು. ಮೂರು ತಿಂಗಳಿಗೊಮ್ಮೆ ಬ್ರಷ್ ಬದಲಾಯಿಸಿ. ಒಂದೇ ತಿಂಗಳಲ್ಲಿ ಎಳೆಗಳು ಜಡೆ ಬಿಚ್ಚಿದಂತೆ ಹರಡಿಕೊಂಡರೆ ತಪ್ಪು ಬ್ರಷ್ಷಿನದ್ದಲ್ಲ, ಒತ್ತುವ ಕೈಯದ್ದು.

ಆರನೆಯ ಹೆಜ್ಜೆ: ಮೌತ್‌ವಾಶ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ

ಪೇಸ್ಟ್ ಮತ್ತು ಬ್ರಷ್ ಎಲ್ಲರಿಗೂ ಬೇಕು. ಮೌತ್‌ವಾಶ್ ಹಾಗಲ್ಲ, ಹೆಚ್ಚಿನವರಿಗೆ ಅದರ ಅಗತ್ಯವೇ ಇಲ್ಲ. ಬಾಟಲಿಯ ಹಿಂಭಾಗದಲ್ಲಿ ಕೆಲಸ ಮಾಡುವ ವಸ್ತು ಯಾವುದು, ಶೇಕಡಾ ಎಷ್ಟು ಎಂಬುದನ್ನು ಓದಿದರೆ ಅದು ಯಾವ ಜಾತಿಯದೆಂದು ತಿಳಿಯುತ್ತದೆ.

ಸೋಡಿಯಂ ಫ್ಲೋರೈಡ್ ಶೇಕಡಾ 0.05 ಎಂದಿದ್ದರೆ ಅದು ದಿನನಿತ್ಯ ಬಳಸುವ ಫ್ಲೋರೈಡ್ ಮೌತ್‌ವಾಶ್. ಹಲ್ಲಿಗೆ ತಂತಿ ಹಾಕಿಸಿಕೊಂಡವರಿಗೆ, ಮೇಲಿಂದ ಮೇಲೆ ಹುಳುಕು ಬರುವವರಿಗೆ, ಬಾಯಿ ಒಣಗುವವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಅದರಲ್ಲಿರುವ ಫ್ಲೋರೈಡ್ ಸುಮಾರು 225 ಪಿಪಿಎಂ ಮಾತ್ರ. ಹಲ್ಲುಜ್ಜಿದ ಕೂಡಲೇ ಇದರಿಂದ ಮುಕ್ಕಳಿಸಿದರೆ ಬಾಯಲ್ಲಿ ಉಳಿದಿದ್ದ 1000 ಪಿಪಿಎಂ ಪೇಸ್ಟನ್ನು ತೊಳೆದು ಅದಕ್ಕಿಂತ ದುರ್ಬಲವಾದದ್ದನ್ನು ಇಟ್ಟಂತಾಗುತ್ತದೆ. ಮಧ್ಯಾಹ್ನದ ಊಟದ ನಂತರ ಬಳಸುವುದು ಒಳ್ಳೆಯದು. ಆರು ವರ್ಷದೊಳಗಿನ ಮಕ್ಕಳಿಗೆ ಯಾವ ಮೌತ್‌ವಾಶನ್ನೂ ಕೊಡಬಾರದು, ಅವರು ಅದನ್ನು ನುಂಗುತ್ತಾರೆ.

ಕ್ಲೋರ್‌ಹೆಕ್ಸಿಡಿನ್ ಶೇಕಡಾ 0.2 ಅಥವಾ 0.12 ಎಂದಿದ್ದರೆ ಅದು ಔಷಧಿ. ಒಸಡಿನ ಚಿಕಿತ್ಸೆಯಾದ ಮೇಲೆ, ಹಲ್ಲು ಕೀಳಿಸಿ ಉಜ್ಜಲು ಆಗದಿರುವಾಗ, ವೈದ್ಯರು ಒಂದೆರಡು ವಾರಕ್ಕೆಂದು ಬರೆದುಕೊಡುತ್ತಾರೆ. ಅದು ಮುಗಿದ ಮೇಲೂ ಔಷಧಿ ಅಂಗಡಿಯಿಂದ ಬಾಟಲಿಯ ಮೇಲೆ ಬಾಟಲಿ ತಂದು ತಿಂಗಳುಗಟ್ಟಲೆ ಬಳಸುವವರ ಹಲ್ಲು ಮತ್ತು ನಾಲಿಗೆ ಕಂದುಗಟ್ಟುತ್ತವೆ, ಉಪ್ಪಿನ ರುಚಿ ಮಂಕಾಗುತ್ತದೆ. ಪೇಸ್ಟಿನಲ್ಲಿರುವ ನೊರೆಯ ವಸ್ತು ಇದರ ಶಕ್ತಿಯನ್ನು ಕುಗ್ಗಿಸುವುದರಿಂದ ಹಲ್ಲುಜ್ಜಿದ ಅರ್ಧ ಗಂಟೆಯ ನಂತರವೇ ಇದನ್ನು ಬಳಸಬೇಕು.

ಉಳಿದವುಗಳಲ್ಲಿ ಹೆಚ್ಚಿನವು ಪುದೀನ ವಾಸನೆಯಿಂದ ಬಾಯಿಯ ದುರ್ಗಂಧವನ್ನು ಸ್ವಲ್ಪ ಹೊತ್ತು ಮುಚ್ಚಿಡುವಂಥವು. ಶೇಕಡಾ 99.9ರಷ್ಟು ಕ್ರಿಮಿಗಳನ್ನು ಕೊಲ್ಲುತ್ತದೆ ಎಂಬ ಮಾತು ಸಾಮಾನ್ಯವಾಗಿ ಪ್ರಯೋಗಾಲಯದ ಪರೀಕ್ಷೆಯಿಂದ ಬಂದದ್ದು. ಹಲ್ಲಿಗೆ ಅಂಟಿದ ಪಾಚಿಯೊಳಗಿನ ಬ್ಯಾಕ್ಟೀರಿಯಾ ಅಷ್ಟು ಸುಲಭವಾಗಿ ಸಾಯುವುದಿಲ್ಲ, ಸತ್ತರೂ ಕೆಲವೇ ಗಂಟೆಗಳಲ್ಲಿ ಮತ್ತೆ ಬೆಳೆಯುತ್ತದೆ. ದುರ್ಗಂಧದ ಮೂಲ ಹೆಚ್ಚಾಗಿ ನಾಲಿಗೆಯ ಹಿಂಭಾಗದಲ್ಲೋ ಒಸಡಿನ ಸೋಂಕಿನಲ್ಲೋ ಇರುತ್ತದೆ, ಅದನ್ನು ಬಾಟಲಿ ಮುಟ್ಟುವುದಿಲ್ಲ.

ನಮ್ಮ ಉದಾಹರಣೆಯ ಮನೆಯಲ್ಲಿ ಮೌತ್‌ವಾಶ್ ಕೇಳುವವರು ಅಜ್ಜ, ಏಕೆಂದರೆ ಹೊಗೆಸೊಪ್ಪಿನ ವಾಸನೆ ಮೊಮ್ಮಗಳಿಗೆ ಹಿಡಿಸುವುದಿಲ್ಲ. ಬಾಟಲಿ ಕೊಳ್ಳುವ ಮೊದಲು ಅವರು ಬಾಯಿ ತೆರೆದು ತಮ್ಮ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ತೂರಿಸಿ ನೋಡಬೇಕು. ಮೂರು ಬೆರಳು ಹಿಡಿಸದಿದ್ದರೆ, ಖಾರ ತಿಂದಾಗ ಕೆನ್ನೆಯ ಒಳಗೆ ಉರಿದರೆ, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಅದು ಬಾಯಿ ಕ್ಯಾನ್ಸರಿನ ಮುನ್ಸೂಚನೆಯಾಗಿರಬಹುದಾದ್ದರಿಂದ ಮೌತ್‌ವಾಶಿನ ಹಣವನ್ನು ಬಸ್ಸಿನ ಖರ್ಚಿಗೆ ಇಟ್ಟುಕೊಂಡು ಅದೇ ವಾರ ದಂತವೈದ್ಯರ ಬಳಿಗೆ ಹೋಗಬೇಕು.